ಗದ್ದ ಎತ್ತಿಸಿ ಹಾಕಿದ ಗೆರೆ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಕಟಿಂಗ್ ಅಂಗಡಿ ಇದೆ. ಈಗ ಬರುವ ಹುಡುಗರಲ್ಲಿ ನುಣ್ಣಗೆ ಶೇವ್ ಮಾಡಿಸಿಕೊಳ್ಳುವವರು ಕಡಿಮೆ. ಕೆಲವು ದಿನದ ಕುರುಚಲು ಗಡ್ಡದಂತೆ ಕಾಣಬೇಕು, ಆದರೆ ಅಚ್ಚುಕಟ್ಟಾಗಿರಬೇಕು. ನೋಡಲು ಸುಲಭ ಅನ್ನಿಸುವ ಈ ಕೆಲಸದಲ್ಲೇ ನಾನು ಒಬ್ಬ ಹುಡುಗನ ಮುಖ ಕೆಡಿಸಿದ್ದೆ.

ಅವನದು ದುಂಡು ಮುಖ, ಗದ್ದದ ಕೆಳಗೆ ಸ್ವಲ್ಪ ಮಾಂಸ. ಹತ್ತು ದಿನಕ್ಕೆ ನಿಶ್ಚಯ ಇತ್ತು. ನಾನು ಟ್ರಿಮ್ಮರ್‌ಗೆ ಮೂರು ಮಿಲಿಮೀಟರ್ ಉದ್ದ ಉಳಿಸುವ ಗಾರ್ಡ್ ಹಾಕಿ ಮುಖವೆಲ್ಲ ಒಂದೇ ಸಮ ಟ್ರಿಮ್ ಮಾಡಿದೆ. ಆಮೇಲೆ ತಲೆ ಹಿಂದಕ್ಕೆ ಒರಗಿಸಿ, ಗದ್ದ ಎತ್ತಿಸಿ, ಕುತ್ತಿಗೆಗೆ ಗೆರೆ ಹಾಕಿ ಅದರ ಕೆಳಗಿನದನ್ನು ಪೂರ್ತಿ ಶೇವ್ ಮಾಡಿದೆ. ಸಂಜೆ ಫೋನ್ ಹಿಡಿದುಕೊಂಡು ವಾಪಸ್ ಬಂದ. "ಅಣ್ಣಾ, ಫೋಟೋದಾಗ ಮುಖಾ ಮೊದಲಿಗಿಂತ ದಪ್ಪ ಕಾಣಾಕತ್ತೈತಿ ನೋಡ್ರಿ" ಅಂದ. ನೋಡಿದೆ. ಅವನು ಹೇಳಿದ್ದು ನಿಜವಾಗಿತ್ತು.

ತಪ್ಪು ಗೆರೆಯಲ್ಲಿತ್ತು. ತಲೆ ಹಿಂದಕ್ಕೆ ಒರಗಿದಾಗ ಗದ್ದದ ಅಡಿಭಾಗವೂ ಕುತ್ತಿಗೆಯೂ ಸೇರಿ ಒಂದೇ ಹಾಳೆಯಂತೆ ನಮ್ಮ ಎದುರಿಗೆ ಬರುತ್ತವೆ. ಅದರ ನಡುವೆ ಗೆರೆ ಹಾಕಿದರೆ ಕುತ್ತಿಗೆ ಮೇಲೇ ಹಾಕಿದ್ದೇವೆ ಅನ್ನಿಸುತ್ತದೆ. ತಲೆ ನೆಟ್ಟಗಾದ ಮೇಲೆ ನೋಡಿದರೆ ಅದು ದವಡೆಯ ಅಂಚಿನ ಹತ್ತಿರ ಕೂತಿರುತ್ತದೆ. ಗದ್ದದ ಕೆಳಗಿನ ಗಡ್ಡ ಅಲ್ಲಿ ಒಂದು ನೆರಳಿನ ಹಾಗೆ ಕೆಲಸ ಮಾಡುತ್ತದೆ. ಆ ನೆರಳಿದ್ದರೆ ದವಡೆ ಎದ್ದು ಕಾಣುತ್ತದೆ, ಮಾಂಸ ಹಿಂದೆ ಸರಿಯುತ್ತದೆ. ನಾನು ಆ ನೆರಳನ್ನೇ ತೆಗೆದುಬಿಟ್ಟಿದ್ದೆ. ಬೋಳಾದ ತಿಳಿ ಬಣ್ಣದ ಚರ್ಮಕ್ಕೆ ಬೆಳಕು ಬಿದ್ದು ಎರಡನೇ ಗದ್ದ ಮುಂದೆ ಬಂದಿತ್ತು.

ತೆಗೆದ ಕೂದಲನ್ನು ವಾಪಸ್ ಅಂಟಿಸಲು ಬರುವುದಿಲ್ಲ, ಅಲ್ವಾ? ಕಾಯಲೇಬೇಕು. ಗಡ್ಡ ದಿನಕ್ಕೆ ಸುಮಾರು 0.3ರಿಂದ 0.4 ಮಿಲಿಮೀಟರ್ ಬೆಳೆಯುತ್ತದೆ. ಅಂದರೆ ಎಂಟೊಂಬತ್ತು ದಿನಕ್ಕೆ ಹತ್ತಿರ ಹತ್ತಿರ ಮೂರು ಮಿಲಿಮೀಟರ್. "ತಮ್ಮಾ, ಒಂಬತ್ತು ದಿನ ಏನೂ ಮುಟ್ಟಬ್ಯಾಡ. ನಿಶ್ಚಯದ ಹಿಂದಿನ ದಿನ ಬಾ" ಅಂದೆ. ಆ ಒಂಬತ್ತು ದಿನ ನನಗೂ ಸಮಾಧಾನ ಇರಲಿಲ್ಲ.

ಅವನು ಬಂದ ದಿನ ಕನ್ನಡಿಯ ಮುಂದೆ ನೆಟ್ಟಗೆ ಕೂರಿಸಿದೆ. ಕಣ್ಣು ನೇರ ಮುಂದಕ್ಕೆ, ಗದ್ದ ಮೇಲೂ ಅಲ್ಲ ಕೆಳಗೂ ಅಲ್ಲ. ಗಂಟಲ ಉಬ್ಬಿನ ಮೇಲೆ ನನ್ನ ಎರಡು ಬೆರಳು ಅಡ್ಡ ಇಟ್ಟು, ಮೇಲಿನ ಬೆರಳಿನ ಅಂಚಿಗೆ ಪೆನ್ಸಿಲ್‌ನಿಂದ ಒಂದು ಚುಕ್ಕೆ ಇಟ್ಟೆ. ಎರಡೂ ಕಿವಿಗಳ ಹಿಂದಿನಿಂದ ದವಡೆಯ ಮೂಲೆಯ ಕೆಳಗೆ ಹಾದು ಆ ಚುಕ್ಕೆಗೆ ಸೇರುವ ಹಾಗೆ ಜೋಕಾಲಿ ಹಗ್ಗದಂತೆ ಬಾಗಿದ ಗೆರೆ ಎಳೆದೆ. ಇಷ್ಟಾದ ಮೇಲೆಯೇ ಗದ್ದ ಎತ್ತಿಸಿದೆ. ಎತ್ತಿಸುವುದು ಶೇವ್ ಮಾಡುವುದಕ್ಕೆ ಮಾತ್ರ, ಗೆರೆಯ ಜಾಗ ಹುಡುಕುವುದಕ್ಕಲ್ಲ. ಎರಡು ಬೆರಳು ಎಲ್ಲರಿಗೂ ಒಪ್ಪುವುದಿಲ್ಲ. ಕುತ್ತಿಗೆ ಗಿಡ್ಡ ಇರುವವರಿಗೆ ಒಂದೇ ಬೆರಳು ಸಾಕಾಗುತ್ತದೆ.

ಉದ್ದವನ್ನೂ ಈ ಸಲ ಬದಲಿಸಿದೆ. ಕೆನ್ನೆಗೂ ಗದ್ದಕ್ಕೂ ಒಂದೇ ಅಳತೆ ಇಟ್ಟರೆ ದುಂಡು ಮುಖ ಇನ್ನೂ ದುಂಡಾಗುತ್ತದೆ. ಗದ್ದದ ಮೇಲೆ ಉದ್ದ ಸ್ವಲ್ಪ ಜಾಸ್ತಿ ಬಿಟ್ಟೆ. ಅದಕ್ಕೆ ಮೊದಲಿನ ಮೂರರ ಮೇಲೆ ಒಂಬತ್ತು ದಿನ ಸೇರಿತ್ತು, 4.5ರ ಗಾರ್ಡ್‌ನಿಂದ ಸಮ ಮಾಡಿದರೆ ಸಾಕಾಯಿತು. ಕೆನ್ನೆಗಳಿಗೆ ಮೂರು. ದವಡೆಯ ಕೆಳಗೆ ಗೆರೆಯ ತನಕ ಎರಡು ಪಟ್ಟಿ ಮಾಡಿಕೊಂಡೆ. ದವಡೆಗೆ ಹತ್ತಿರದ ಪಟ್ಟಿಗೆ ಮೂರು, ಗೆರೆಗೆ ತಾಗಿದ ಒಂದು ಬೆರಳಗಲಕ್ಕೆ 1.5. ಹೀಗೆ ಮಾಡಿದರೆ ಕಪ್ಪು ನಿಧಾನವಾಗಿ ಚರ್ಮದಲ್ಲಿ ಕರಗುತ್ತದೆ, ಗೆರೆ ಎಳೆದ ಹಾಗೆ ಕಾಣುವುದಿಲ್ಲ. ಉದ್ದ ಗಡ್ಡಕ್ಕೆ ಚೂಪು ಗೆರೆ ಚೆನ್ನಾಗಿರುತ್ತದೆ. ಕುರುಚಲಿಗೆ ಅದು ಬಣ್ಣ ಬಳಿದಂತಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಗಾರ್ಡ್ ಮೇಲಿನ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಕೂದಲು ಬೆಳೆದ ದಿಕ್ಕಿಗೇ ಟ್ರಿಮ್ಮರ್ ಓಡಿಸಿದರೆ ಕೂದಲು ಮಲಗುತ್ತದೆ, ಉದ್ದ ಜಾಸ್ತಿ ಉಳಿಯುತ್ತದೆ. ಎದುರು ದಿಕ್ಕಿಗೆ ಓಡಿಸಿದರೆ ಕೂದಲು ಎದ್ದು ಬ್ಲೇಡಿಗೆ ಸಿಗುತ್ತದೆ. ಒಂದೇ ಗಾರ್ಡ್‌ನಲ್ಲಿ ಎಡಗೆನ್ನೆ ಕಪ್ಪು, ಬಲಗೆನ್ನೆ ತೆಳು ಕಂಡರೆ ಕಾರಣ ಹೆಚ್ಚಾಗಿ ಇದೇ. ಕುತ್ತಿಗೆಯಲ್ಲಂತೂ ಕೂದಲು ಕೆಲವರಿಗೆ ಅಡ್ಡಕ್ಕೆ, ಕೆಲವರಿಗೆ ಮೇಲಕ್ಕೆ ಬೆಳೆದಿರುತ್ತದೆ. ಅದಕ್ಕೇ ಮೊದಲು ಬೆರಳಿನಿಂದ ಸವರಿ ನೋಡುತ್ತೇನೆ. ಒರಟು ಅನ್ನಿಸಿದರೆ ಅದೇ ಎದುರು ದಿಕ್ಕು.

ಆ ಹುಡುಗ ಈಗ ಮನೆಯಲ್ಲೇ ಮೂರು ದಿನಕ್ಕೊಮ್ಮೆ ಕೆನ್ನೆ ಟ್ರಿಮ್ ಮಾಡಿಕೊಳ್ಳುತ್ತಾನೆ. ಕುತ್ತಿಗೆಯ ಗೆರೆಗೆ ಮಾತ್ರ ಹದಿನೈದು ದಿನಕ್ಕೊಮ್ಮೆ ಅಂಗಡಿಗೆ ಬರುತ್ತಾನೆ. ಕುರ್ಚಿಯಲ್ಲಿ ಕೂತ ತಕ್ಷಣ ನಾನು ಹೇಳುವ ಮೊದಲೇ ತಲೆ ನೆಟ್ಟಗೆ ಮಾಡಿಕೊಳ್ಳುತ್ತಾನೆ.