ಕುಡಿದದ್ದು ರಾತ್ರಿ, ಶುಗರ್ ಇಳಿಯುವುದು ಬೆಳಗಿನ ಜಾವ

"ಡಾಕ್ಟ್ರೇ, ಶುಗರ್ ಮಾತ್ರೆ ತಪ್ಪಿಸದೆ ತಗೋತಾ ಇದೀನಿ. ಯಾವಾಗ್ಲಾದ್ರೂ ಒಂದೆರಡು ಪೆಗ್ ಹಾಕಿದ್ರೆ ತೊಂದ್ರೆನಾ? ವಿಸ್ಕಿಲಿ ಸಕ್ಕರೆ ಇರಲ್ಲ ಅಂತಾರಲ್ಲ?"

ತೊಂದರೆ ಎಷ್ಟು ಅನ್ನುವುದು ನಿಮ್ಮ ಮಾತ್ರೆ ಯಾವುದು, ಎಷ್ಟು ಕುಡಿದಿರಿ, ಆ ರಾತ್ರಿ ಏನು ಉಂಡಿರಿ ಅನ್ನುವುದರ ಮೇಲೆ ಇದೆ. ವಿಸ್ಕಿ, ರಮ್, ಬ್ರಾಂದಿಯಲ್ಲಿ ಸಕ್ಕರೆ ಇರುವುದಿಲ್ಲ ಅನ್ನುವುದು ನಿಜ. ನನಗೆ ಭಯ ಇರುವುದು ಶುಗರ್ ವಿಪರೀತ ಇಳಿಯುವುದರ ಬಗ್ಗೆ. ಕುಡಿಯುತ್ತಾ ಕೂತಿರುವಾಗ ಅದು ಸಾಮಾನ್ಯವಾಗಿ ಇಳಿಯುವುದಿಲ್ಲ. ಎಲ್ಲರೂ ಮಲಗಿದ ಮೇಲೆ, ಬೆಳಗಿನ ಜಾವ, ಕೆಲವೊಮ್ಮೆ ಮರುದಿನ ತಿಂಡಿಯಾದ ಮೇಲೂ ಇಳಿಯುತ್ತದೆ.

ಇದಕ್ಕೆ ಕಾರಣ ಲಿವರ್. ಲಿವರ್ ಅಂದರೆ ಮೈಯ ಕಣಜ ಇದ್ದಂತೆ. ಉಂಡಾಗ ಬಂದ ಗ್ಲೂಕೋಸಿನಲ್ಲಿ ಒಂದು ಪಾಲನ್ನು ತುಂಬಿಟ್ಟುಕೊಂಡು, ಹೊಟ್ಟೆ ಖಾಲಿಯಾದಾಗ ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಬಿಡುತ್ತದೆ. ಈ ದಾಸ್ತಾನಿಗೆ ಗ್ಲೈಕೋಜನ್ ಅಂತ ಹೆಸರು, ತುಂಬಿದಾಗ ಸುಮಾರು 100 ಗ್ರಾಂ ಇರುತ್ತದೆ. ಊಟ ಬಿಟ್ಟು ಹತ್ತು ಹನ್ನೆರಡು ಗಂಟೆಯಾಗುವಷ್ಟರಲ್ಲಿ ಅದು ತಳ ಕಾಣುತ್ತಾ ಬರುತ್ತದೆ. ಅದು ಇಳಿಯುತ್ತಾ ಹೋದಂತೆ ಲಿವರ್ ಹೊಸದಾಗಿ ಗ್ಲೂಕೋಸ್ ತಯಾರಿಸುವುದನ್ನು ಹೆಚ್ಚಿಸುತ್ತದೆ. ಲ್ಯಾಕ್ಟೇಟ್, ಪ್ರೋಟೀನಿನ ತುಣುಕು, ಕೊಬ್ಬಿನಿಂದ ಬಂದ ಗ್ಲಿಸರಾಲ್, ಇವೇ ಅದರ ಕಚ್ಚಾ ಸಾಮಾನು. ರಾತ್ರಿ ಪೂರ್ತಿ ಉಪವಾಸವಿದ್ದರೂ ನಾವು ಬೆಳಿಗ್ಗೆ ಎದ್ದು ಓಡಾಡುವುದು ಈ ತಯಾರಿಕೆಯಿಂದ.

ಆಲ್ಕೋಹಾಲ್ ಅಡ್ಡ ಬರುವುದು ಇಲ್ಲೇ. ಅದನ್ನು ಒಡೆದು ಹೊರಹಾಕುವುದೂ ಲಿವರಿನ ಕೆಲಸವೇ, ಅದಕ್ಕೆ ಎನ್‌ಎಡಿ ಅನ್ನುವ ಒಂದು ಸಣ್ಣ ಅಣು ಬೇಕು. ಲ್ಯಾಕ್ಟೇಟಿನಿಂದ ಗ್ಲೂಕೋಸ್ ಮಾಡುವುದಕ್ಕೂ ಅದೇ ಅಣು ಬೇಕು. ಇರುವ ಎನ್‌ಎಡಿ ಎಲ್ಲಾ ಆಲ್ಕೋಹಾಲಿಗೆ ಖರ್ಚಾದರೆ ಗ್ಲೂಕೋಸ್ ತಯಾರಿಕೆ ನಿಂತುಹೋಗುತ್ತದೆ. ದಾಸ್ತಾನು ಇರುವವರೆಗೆ ಏನೂ ಗೊತ್ತಾಗುವುದಿಲ್ಲ. ದಾಸ್ತಾನು ಮುಗಿದು, ತಯಾರಿಕೆಯೂ ನಿಂತು, ಮೇಲೆ ಶುಗರ್ ಇಳಿಸುವ ಔಷಧ ಮೈಯಲ್ಲಿ ಕೆಲಸ ಮಾಡುತ್ತಲೇ ಇದ್ದರೆ, ಏರಿಸುವವರು ಯಾರೂ ಇಲ್ಲ.

ಲಿವರ್ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಆಲ್ಕೋಹಾಲ್ ಮಾತ್ರ ಕರಗಿಸಬಲ್ಲದು. ನಮ್ಮಲ್ಲಿ ಸಿಗುವ ವಿಸ್ಕಿ, ರಮ್ ಬಾಟಲಿಯ ಮೇಲೆ ಸಾಮಾನ್ಯವಾಗಿ 42.8% ಅಂತ ಇರುತ್ತದೆ. ಆ ಲೆಕ್ಕದಲ್ಲಿ 30 ಎಂಎಲ್ ಸ್ಮಾಲ್ ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್, ಅಂದರೆ ಲಿವರಿಗೆ ಒಂದು ಗಂಟೆಗಿಂತ ಹೆಚ್ಚಿನ ಕೆಲಸ. ನೈಂಟಿ ಅಂದರೆ 30 ಗ್ರಾಂ. ಕ್ವಾರ್ಟರ್ ಅಂದರೆ 60 ಗ್ರಾಂ, ಆರರಿಂದ ಎಂಟೊಂಬತ್ತು ಗಂಟೆಯ ಕೆಲಸ. ಬಿಯರ್ ತಾನೇ ಅನ್ನುವವರಿಗೂ ಒಂದು ಮಾತು: 8% ಸ್ಟ್ರಾಂಗ್ ಬಿಯರಿನ 650 ಎಂಎಲ್ ಬಾಟಲಿಯಲ್ಲಿ ಸುಮಾರು 40 ಗ್ರಾಂ ಇದೆ, ಅಂದರೆ ನಾಲ್ಕು ಸ್ಮಾಲ್ ಪೆಗ್.

ಈಗ ಒಬ್ಬರ ಒಂದು ರಾತ್ರಿಯನ್ನು ಗಂಟೆಗಂಟೆಗೆ ನೋಡೋಣ. 52 ವರ್ಷದ ರೈತ ಅಂದುಕೊಳ್ಳಿ. ಗ್ಲಿಮೆಪಿರೈಡ್ 2 ಎಂಜಿ ಮತ್ತು ಮೆಟ್‌ಫಾರ್ಮಿನ್ 500 ಸೇರಿದ ಮಾತ್ರೆ, ಬೆಳಿಗ್ಗೆ ಒಂದು, ರಾತ್ರಿ ಒಂದು. ಮಧ್ಯಾಹ್ನ ಒಂದೂವರೆಗೆ ಮುದ್ದೆ ಉಂಡು ಸಂಜೆವರೆಗೆ ಗದ್ದೆಯಲ್ಲಿ ಕೆಲಸ ಮಾಡಿದ್ದಾರೆ. ಎಂಟು ಗಂಟೆಗೆ, ಮರೆಯಬಾರದು ಅಂತ ಮಾತ್ರೆ ನುಂಗಿಯೇ ಮನೆ ಬಿಟ್ಟರು. ಎಂಟೂವರೆಯಿಂದ ಹತ್ತೂವರೆವರೆಗೆ ಸೋಡಾ ಬೆರೆಸಿ ಒಂದು ಕ್ವಾರ್ಟರ್, ನಂಜಿಕೊಳ್ಳಲು ಕಡಲೆಬೀಜ, ಚಿಕನ್ ಕಬಾಬ್. ಹೊಟ್ಟೆ ತುಂಬಿದಂತಾಯಿತು, ಮನೆಗೆ ಬಂದು ಊಟ ಬೇಡ ಅಂದರು. ಆದರೆ ಕಡಲೆಬೀಜ, ಕಬಾಬಿನಲ್ಲಿ ಪ್ರೋಟೀನ್, ಎಣ್ಣೆ ಇದೆಯೇ ಹೊರತು ಲಿವರಿನ ದಾಸ್ತಾನು ತುಂಬುವಷ್ಟು ಹಿಟ್ಟಿನ ಅಂಶ ಇಲ್ಲ. ಹನ್ನೊಂದಕ್ಕೆ ಗ್ಲುಕೋಮೀಟರ್‌ನಲ್ಲಿ 150 ಬಂತು ಅಂತಲೇ ಇಟ್ಟುಕೊಳ್ಳಿ. ಸಮಾಧಾನದಿಂದ ಮಲಗಿದರು.

ರಾತ್ರಿ ಎರಡು ಮೂರು ಗಂಟೆಗೆ ದಾಸ್ತಾನು ಮುಗಿಯುತ್ತಾ ಬಂತು. ಆಲ್ಕೋಹಾಲ್ ಇನ್ನೂ ಸ್ವಲ್ಪ ಬಾಕಿ. ಗ್ಲಿಮೆಪಿರೈಡ್ ಒಮ್ಮೆ ನುಂಗಿದರೆ 24 ಗಂಟೆ ಕೆಲಸ ಮಾಡುವ ಮಾತ್ರೆ, ಶುಗರ್ ಎಷ್ಟಿದೆ ಅಂತ ನೋಡದೆ ಪ್ಯಾಂಕ್ರಿಯಾಸಿನಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಐದು ಗಂಟೆ ಹೊತ್ತಿಗೆ ಶುಗರ್ 70ರ ಕೆಳಗೆ ಹೋಗಿ 50ರ ಕಡೆಗೆ ಇಳಿದಿದೆ. ಬೆವರು, ನಡುಕ, ಎದೆ ಡವಡವ ಎಲ್ಲಾ ಬಂದಿದೆ. ಆದರೆ ಅದಕ್ಕೆ ಎಚ್ಚರವಾಗಬೇಕಾದ ಮನುಷ್ಯ ಅಮಲಿನ ನಿದ್ದೆಯಲ್ಲಿದ್ದಾರೆ. ಆರಕ್ಕೆ ಹೆಂಡತಿ ಎಬ್ಬಿಸಿದರೆ ಮಾತು ತೊದಲುತ್ತದೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ, ಬಾಯಲ್ಲಿ ವಾಸನೆ. "ರಾತ್ರಿದು ಇನ್ನೂ ಇಳಿದಿಲ್ಲ, ಮಲಗಿಕೊಳ್ಳಲಿ" ಅಂತ ಹೊದಿಕೆ ಸರಿಮಾಡಿ ಹೋಗುತ್ತಾರೆ.

ಜೀವಕ್ಕೆ ಕುತ್ತು ಬರುವುದು ಈ ಗಳಿಗೆಯಲ್ಲಿ. ಅಮಲಿಗೂ ಲೋ ಶುಗರಿಗೂ ಹೊರಗಿನಿಂದ ವ್ಯತ್ಯಾಸ ಸುಲಭಕ್ಕೆ ಕಾಣುವುದಿಲ್ಲ. ತಣ್ಣನೆಯ ಬೆವರಿನಿಂದ ಬನಿಯನ್ ಒದ್ದೆಯಾಗಿದ್ದರೆ, ಕುಡಿದು ಏಳೆಂಟು ಗಂಟೆಯಾದರೂ ಇಳಿಯುವ ಬದಲು ಮಂಕು ಹೆಚ್ಚಾಗುತ್ತಿದ್ದರೆ ಅನುಮಾನ ಬರಲೇಬೇಕು. ಆದರೂ ಖಾತ್ರಿಯಾಗಿ ಹೇಳುವುದು ಬೆರಳು ಚುಚ್ಚಿ ನೋಡುವ ಮೀಟರ್ ಒಂದೇ. ಮೀಟರ್ ಇಲ್ಲದಿದ್ದರೆ ಲೋ ಆಗಿದೆ ಅಂತಲೇ ತಿಳಿದು ನಡೆದುಕೊಳ್ಳಿ. ಎಚ್ಚರವಿದ್ದು ನುಂಗಲು ಆಗುವಂತಿದ್ದರೆ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿಗೆ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, 70ರ ಮೇಲೆ ಬರದಿದ್ದರೆ ಇನ್ನೊಮ್ಮೆ ಕೊಡಿ. ಏರಿದ ಮೇಲೆ ಇಡ್ಲಿಯೋ ಅನ್ನವೋ ತಿನ್ನಿಸಿ, ಇಲ್ಲದಿದ್ದರೆ ಮತ್ತೆ ಇಳಿಯಬಹುದು. ಎಚ್ಚರವೇ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಉಸಿರಿನ ದಾರಿಗೆ ಹೋಗುತ್ತದೆ. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ 108ಕ್ಕೆ ಫೋನ್ ಮಾಡಿ, "ಶುಗರ್ ಪೇಷೆಂಟ್, ಮಾತ್ರೆ ತಗೊಂಡಿದಾರೆ, ಕುಡಿದಿದಾರೆ" ಅಂತ ಮೂರನ್ನೂ ಹೇಳಿ. ಮೊದಲ ಎರಡು ಹೇಳಲು ಮರೆತರೆ ಆಸ್ಪತ್ರೆಯಲ್ಲೂ ಬರೀ ಕುಡಿತ ಅಂದುಕೊಳ್ಳುವ ಸಾಧ್ಯತೆ ಇದೆ. ಗ್ಲುಕಗಾನ್ ಇಂಜೆಕ್ಷನ್ ಮನೆಯಲ್ಲಿಟ್ಟುಕೊಂಡವರು ಅದೊಂದನ್ನೇ ನಂಬಿ ಕೂರಬಾರದು. ಅದು ಲಿವರಿನ ದಾಸ್ತಾನನ್ನು ಹೊರಗೆ ತರುವ ಔಷಧ, ದಾಸ್ತಾನೇ ಇಲ್ಲದ ರಾತ್ರಿ ಅದಕ್ಕೆ ಮಾಡಲು ಹೆಚ್ಚೇನೂ ಇರುವುದಿಲ್ಲ. ಆಗ ಬೇಕಾಗುವುದು ರಕ್ತನಾಳಕ್ಕೆ ಕೊಡುವ ಡೆಕ್ಸ್ಟ್ರೋಸ್, ಅಂದರೆ ಗ್ಲೂಕೋಸ್.

ಎಲ್ಲಾ ಮಾತ್ರೆಗಳೂ ಹೀಗೆ ಮಾಡುವುದಿಲ್ಲ. ಸ್ಟ್ರಿಪ್ ತಿರುಗಿಸಿ ಹೆಸರು ಓದಿ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಪಿಜೈಡ್ ಇವುಗಳಲ್ಲಿ ಒಂದಿದ್ದರೂ ಮೇಲೆ ಹೇಳಿದ ಕಥೆ ನಿಮ್ಮದೂ ಆಗಬಹುದು. ಕಿಡ್ನಿ ಸರಿಯಿಲ್ಲದವರಿಗೆ ಅಪಾಯ ಇನ್ನೂ ಹೆಚ್ಚು. ಬರೀ ಮೆಟ್‌ಫಾರ್ಮಿನ್, ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ತಗೊಳ್ಳುವವರಿಗೆ ಶುಗರ್ ಲೋ ಆಗುವ ಭಯ ಬಹಳ ಕಡಿಮೆ. ಆದರೆ ಮೆಟ್‌ಫಾರ್ಮಿನ್ ಮೇಲೆ ಒಂದೇ ಸಲಕ್ಕೆ ತುಂಬಾ ಕುಡಿದರೆ ರಕ್ತದಲ್ಲಿ ಲ್ಯಾಕ್ಟಿಕ್ ಆಸಿಡ್ ಏರಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತಗೊಳ್ಳುವವರು ಊಟ ಬಿಟ್ಟು ಕುಡಿದರೆ, ಕೊಬ್ಬು ಕರಗಿದಾಗ ಹುಟ್ಟುವ ಕೀಟೋನ್ ಅನ್ನುವ ಆಮ್ಲ ರಕ್ತದಲ್ಲಿ ಏರಿ ವಾಂತಿ, ಹೊಟ್ಟೆನೋವು, ಏದುಸಿರು ಬರಬಹುದು, ಮೀಟರಿನಲ್ಲಿ ಶುಗರ್ ಮಾತ್ರ ಅಷ್ಟೇನೂ ಹೆಚ್ಚಿರುವುದಿಲ್ಲ. ಅಂಥ ವಾಂತಿಯನ್ನು ಹ್ಯಾಂಗೋವರ್ ಅಂತ ಬಿಟ್ಟುಬಿಡದೆ ಆಸ್ಪತ್ರೆಗೆ ಹೋಗಿ.

ಇನ್ಸುಲಿನ್ ಹಾಕಿಕೊಳ್ಳುವವರು ಮರುದಿನವನ್ನೂ ಲೆಕ್ಕಕ್ಕೆ ತಗೊಳ್ಳಬೇಕು. 2001ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಟೈಪ್ 1 ಡಯಾಬಿಟಿಸ್ ಇರುವ ಆರು ಗಂಡಸರಿಗೆ ಒಂದು ರಾತ್ರಿ ಒಂಬತ್ತಕ್ಕೆ ವೈನ್, ಇನ್ನೊಂದು ರಾತ್ರಿ ಅದೇ ಹೊತ್ತಿಗೆ ನೀರು ಕೊಟ್ಟು ಮರುದಿನದವರೆಗೆ ನೋಡಿದರು. ವೈನ್ ಕುಡಿದ ಮರುದಿನ, ತಿಂಡಿಯಾದ ಮೇಲೆ, ಆರರಲ್ಲಿ ಐವರಿಗೆ ಲೋ ಶುಗರಿಗೆ ಚಿಕಿತ್ಸೆ ಬೇಕಾಯಿತು. ನೀರು ಕುಡಿದ ಮರುದಿನ ಒಬ್ಬರಿಗೂ ಬೇಕಾಗಲಿಲ್ಲ. ರಾತ್ರಿ ಹೊತ್ತು ಶುಗರ್ ಇಳಿಯದಂತೆ ಕಾಯುವ ಗ್ರೋತ್ ಹಾರ್ಮೋನ್ ಕುಡಿದ ರಾತ್ರಿ ಕಡಿಮೆಯಾಗಿದ್ದದ್ದೂ ಕಂಡುಬಂತು. ನಮ್ಮಲ್ಲಿ ಬಹಳ ಮಂದಿ ಹಾಕಿಕೊಳ್ಳುವ 30/70 ಮಿಕ್ಸ್ ಇನ್ಸುಲಿನ್ ಸಂಜೆ ಚುಚ್ಚಿಕೊಂಡರೆ, ಅದರ ದೊಡ್ಡ ಪಾಲು ಜೋರಾಗಿ ಕೆಲಸ ಮಾಡುವುದು ಮಧ್ಯರಾತ್ರಿಯ ಆಸುಪಾಸಿನಲ್ಲಿ. ಹಾಗಾಗಿ ಅವರಿಗೆ ರಾತ್ರಿಯೂ ಅಪಾಯ, ಬೆಳಿಗ್ಗೆಯೂ ಅಪಾಯ. ಕುಡಿದ ಮರುದಿನ ತಿಂಡಿ ತಿನ್ನದೆ, ಶುಗರ್ ನೋಡದೆ ಬೈಕ್ ಹತ್ತಬೇಡಿ.

ಮಿತಿ ಎಷ್ಟು? ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ದಿನಕ್ಕೆ ಗಂಡಸರಿಗೆ ಎರಡು ಡ್ರಿಂಕ್, ಹೆಂಗಸರಿಗೆ ಒಂದು, ಅದಕ್ಕಿಂತ ಮೀರಬಾರದು ಅನ್ನುತ್ತದೆ. ಅವರ ಒಂದು ಡ್ರಿಂಕ್ ಅಂದರೆ 14 ಗ್ರಾಂ, ನಮ್ಮ ವಿಸ್ಕಿಯಲ್ಲಿ ಸುಮಾರು 40 ಎಂಎಲ್. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜಾತಿಯ ಮಾತ್ರೆ ಇರುವವರಿಗೆ ನಾನು ಇನ್ನೂ ಕಡಿಮೆ ಹೇಳುತ್ತೇನೆ. ಗಂಡಸರಿಗೆ ಒಂದು ದಿನಕ್ಕೆ 60 ಎಂಎಲ್, ಹೆಂಗಸರಿಗೆ 30, ಅದೂ ಅಪರೂಪಕ್ಕೆ. ವಾರದ ಪಾಲನ್ನು ಕೂಡಿಟ್ಟು ಶನಿವಾರ ಒಂದೇ ಸಲ ಮುಗಿಸುವ ಹಾಗಿಲ್ಲ. ಕುಡಿಯುವ ಮೊದಲೋ ಜೊತೆಗೋ ಅನ್ನ, ಮುದ್ದೆ, ಚಪಾತಿ ಇರುವ ಊಟ ಆಗಲೇಬೇಕು. ಆ ರಾತ್ರಿ ಮಲಗುವಾಗ ಶುಗರ್ 140ಕ್ಕಿಂತ ಕಡಿಮೆ ಇದ್ದರೆ ಇನ್ನೊಂದು ಚಪಾತಿಯೋ ಒಂದು ಲೋಟ ಹಾಲು, ನಾಲ್ಕು ಬಿಸ್ಕತ್ತೋ ತಿಂದು ಮಲಗಿ, ಮೂರು ಗಂಟೆಗೆ ಅಲಾರಂ ಇಟ್ಟು ಮತ್ತೊಮ್ಮೆ ನೋಡಿ. ಬೇರೆ ದಿನ 110 ಒಳ್ಳೆಯ ಅಂಕಿ, ಆ ರಾತ್ರಿಗೆ ಅದು ಸಾಲದು. ಸಿಹಿ ಕೋಲಾ ಬೆರೆಸಿದ್ದರೆ ಮಲಗುವಾಗ 200 ತೋರಿಸಬಹುದು, ಅದನ್ನು ನೋಡಿ ಹೆಚ್ಚುವರಿ ಇನ್ಸುಲಿನ್ ಹಾಕಿಕೊಳ್ಳಲು ಹೋಗಬೇಡಿ.

ಲಿವರ್ ಕಾಯಿಲೆ, ಪ್ಯಾಂಕ್ರಿಯಾಸಿನ ಊತ, ಕಾಲಿನ ನರಗಳ ಉರಿ ಅಥವಾ ಜೋಮು, ಬಹಳ ಏರಿದ ಟ್ರೈಗ್ಲಿಸರೈಡ್ ಇರುವವರು, ಗರ್ಭಿಣಿಯರು, ಲೋ ಶುಗರ್ ಆದರೂ ಮೊದಲೇ ಗೊತ್ತಾಗದವರು, ಇವರಿಗೆಲ್ಲ ನನ್ನ ಮಿತಿ ಸೊನ್ನೆ.

"ಹಾಗಾದ್ರೆ ಕುಡಿಯೋ ದಿನ ಮಾತ್ರೆ ಬಿಟ್ಟುಬಿಡ್ಲಾ?" ಅಂತ ಇದರ ಬೆನ್ನಿಗೇ ಕೇಳುತ್ತಾರೆ. ಗ್ಲಿಮೆಪಿರೈಡ್ ಊಟದ ಜೊತೆ ಹೋಗಬೇಕಾದ ಮಾತ್ರೆ, ಊಟವೇ ಇಲ್ಲದ ಹೊತ್ತು ಅದನ್ನು ನುಂಗಬಾರದು. ಆದರೆ ಕುಡಿಯುವುದಕ್ಕಾಗಿ ಊಟ, ಮಾತ್ರೆ ಎರಡನ್ನೂ ಬಿಡುವುದು ಪರಿಹಾರವಲ್ಲ. ಟೈಪ್ 1 ಇರುವವರು ದಿನದ ಲಾಂಗ್ ಆ್ಯಕ್ಟಿಂಗ್ ಇನ್ಸುಲಿನ್ನನ್ನು ಯಾವ ಕಾರಣಕ್ಕೂ ಪೂರ್ತಿ ನಿಲ್ಲಿಸಬಾರದು, ನಿಲ್ಲಿಸಿದರೆ ಕೀಟೋನ್ ಏರುತ್ತದೆ. ಡೋಸ್ ಎಷ್ಟು ಇಳಿಸಬೇಕು ಅನ್ನುವುದನ್ನು ಹಬ್ಬ, ಮದುವೆ ಬರುವ ಮುಂಚೆಯೇ ನಿಮ್ಮ ವೈದ್ಯರ ಹತ್ತಿರ ಕೂತು ಮಾತಾಡಿ, ಚೀಟಿಯ ಮೇಲೆ ಬರೆಸಿಕೊಳ್ಳಿ. ಹೋಗುವಾಗ ಮನೆಯವರನ್ನೂ ಕರೆದುಕೊಂಡು ಹೋಗಿ, ಬೆಳಗಿನ ಜಾವ ಮೀಟರ್ ಹಿಡಿಯಬೇಕಾದವರು ಅವರು.