ವರ್ಕ್‌ಶೀಟಿನ ಎಂಟನೇ ಸಾಲು

ನಾನು ದಾವಣಗೆರೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹೋದ ವರ್ಷ ಮಳೆಗಾಲದಲ್ಲಿ ಹತ್ತನೇ ಕ್ಲಾಸಿನ ‘ಜೀವಕ್ರಿಯೆಗಳು’ ಪಾಠಕ್ಕೆ ಕ್ಲಸ್ಟರಿನ ಎಲ್ಲ ಶಾಲೆಗಳಿಗೂ ಒಂದೇ ವರ್ಕ್‌ಶೀಟ್ ಆಗಬೇಕು ಎಂದು ವಿಷಯ ವೇದಿಕೆಯಲ್ಲಿ ತೀರ್ಮಾನವಾಯಿತು. ದ್ಯುತಿಸಂಶ್ಲೇಷಣೆ ಮತ್ತು ಉಸಿರಾಟದ ಭಾಗ ನನ್ನ ಪಾಲಿಗೆ ಬಂತು. ನಾನು ಓದಿದ್ದು ಸಸ್ಯಶಾಸ್ತ್ರ. ಇದೇನು ಮಹಾ ಕೆಲಸ ಅಂದುಕೊಂಡು ಭಾನುವಾರ ರಾತ್ರಿ ಕೂತೆ.

ಮೊದಲು ಎರಡು ಪದ ಸಮೀಕರಣ ಬರೆದೆ.

ಕಾರ್ಬನ್ ಡೈಆಕ್ಸೈಡ್ + ನೀರು → ಗ್ಲುಕೋಸ್ + ಆಕ್ಸಿಜನ್

ಗ್ಲುಕೋಸ್ + ಆಕ್ಸಿಜನ್ → ಕಾರ್ಬನ್ ಡೈಆಕ್ಸೈಡ್ + ನೀರು + ಶಕ್ತಿ

ಮೊದಲನೆಯದರ ಬಾಣದ ಮೇಲೆ ‘ಬೆಳಕು’, ಕೆಳಗೆ ‘ಪತ್ರಹರಿತ್ತು’. ಅದರ ಕೆಳಗೆ ಹನ್ನೆರಡು ಸಾಲಿನ ವ್ಯತ್ಯಾಸದ ಟೇಬಲ್. ನುಡಿಯಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ತಂದರೆ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ. ಟೇಬಲ್ಲಿನ ಗೆರೆ ಮುಂದಿನ ಪುಟಕ್ಕೆ ಹಾರುತ್ತಿತ್ತು. ಅದನ್ನು ಸರಿಮಾಡುವುದರಲ್ಲೇ ಹನ್ನೊಂದು ಗಂಟೆ ಆಯಿತು. ಒಂದು ಪುಟದಲ್ಲಿ ಹಿಡಿಸಲು ಕಾಲಂ ಸಣ್ಣ ಮಾಡಿದೆ, ಉತ್ತರಗಳನ್ನೂ ಸಣ್ಣ ಮಾಡಿದೆ. ಎಂಟನೇ ಸಾಲು ‘ಸಮಯ’. ಕೀ ಆನ್ಸರಿನಲ್ಲಿ ಆ ಕಡೆ ‘ಹಗಲು’, ಈ ಕಡೆ ‘ರಾತ್ರಿ’ ಎಂದು ಬರೆದು ಗ್ರೂಪಿಗೆ ಹಾಕಿ ಮಲಗಿದೆ.

ಗಿಡ ಹಗಲು ರಾತ್ರಿ ಎರಡೂ ಹೊತ್ತು ಉಸಿರಾಡುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ವ್ಯತ್ಯಾಸದ ಟೇಬಲ್ ಬರೆಯುವಾಗ ಕೈ ತಾನಾಗಿಯೇ ವಿರುದ್ಧ ಪದ ಹುಡುಕುತ್ತದೆ. ತೆಗೆದುಕೊಳ್ಳುವುದು, ಬಿಡುವುದು. ಕೂಡಿಡುವುದು, ಖರ್ಚು ಮಾಡುವುದು. ಎಡಗಡೆ ‘ಹಗಲು’ ಎಂದು ಬರೆದ ಮೇಲೆ ಬಲಗಡೆ ‘ರಾತ್ರಿ’ ತಾನೇ ಬಂದು ಕೂತಿತು.

ಮುಂದಿನ ವಾರ ವಿಷಯ ಪರಿವೀಕ್ಷಕರು ಶಾಲೆಗೆ ಬಂದರು. ಎರಡನೇ ಪೀರಿಯಡ್ ನನ್ನ ಕ್ಲಾಸಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಅವತ್ತೇ ತಿದ್ದಿದ ವರ್ಕ್‌ಶೀಟ್ ಹಂಚುತ್ತಿದ್ದೆ. ಮೂರನೇ ಬೆಂಚಿನ ಹುಡುಗಿ ಎದ್ದು ನಿಂತಳು. ‘ಉಸಿರಾಟ, ಸಮಯ’ ಎಂಬಲ್ಲಿ ಅವಳು ‘ಹಗಲು, ರಾತ್ರಿ ಎರಡೂ’ ಎಂದು ಬರೆದಿದ್ದಳು. ನಾನು ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದು ಹಾಕಿದ್ದೆ.

“ಮೇಡಂ, ನಮ್ಮ ಹೊಲದಾಗೆ ಮೂರು ದಿನದಿಂದ ನೀರು ನಿಂತೈತೆ. ಮೆಕ್ಕೆಜೋಳ ಹಳದಿ ಆಗೈತೆ. ಬೇರು ಉಸಿರು ಕಟ್ಟೈತೆ ಅಂತ ಅಪ್ಪ ಬದು ಒಡೆದು ನೀರು ಬಿಡ್ತಿದ್ರು. ಬೇರು ಮಣ್ಣಾಗಿರುತ್ತಲ್ಲ ಮೇಡಂ, ಅದಕ್ಕೆ ಹಗಲು ಯಾವುದು, ರಾತ್ರಿ ಯಾವುದು?”

ಕ್ಲಾಸು ಪೂರ್ತಿ ಸುಮ್ಮನಾಯಿತು. ಪರಿವೀಕ್ಷಕರು ಪೆನ್ನು ಎತ್ತಿ ಹಿಡಿದು ನನ್ನನ್ನೇ ನೋಡುತ್ತಿದ್ದರು. ನನಗೆ ಕುತ್ತಿಗೆ ಬಿಸಿಯಾಯಿತು. ಅವಳು ಹೇಳಿದ್ದು ಸರಿ ಎಂದು ಆ ಕ್ಷಣದಲ್ಲೇ ಗೊತ್ತಾಯಿತು. ಆದರೂ ಬಾಯಿಂದ ಬಂದದ್ದು ಬೇರೆ. “ಕೀ ಆನ್ಸರಿನಲ್ಲಿ ಹಂಗೇ ಇದೆಯಮ್ಮ, ಆಮೇಲೆ ನೋಡೋಣ, ಕೂತ್ಕೊ.” ಅವಳು ಕೂತಳು. ಪೇಪರ್ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಆ ಮಡಚಿದ ರೀತಿ ನನಗೆ ಈಗಲೂ ಕಣ್ಣ ಮುಂದೆ ಇದೆ.

ಬೆಲ್ ಆದಮೇಲೆ ಸ್ಟಾಫ್‌ರೂಮಿನಲ್ಲಿ ಪರಿವೀಕ್ಷಕರು ಒಂದೇ ಪ್ರಶ್ನೆ ಕೇಳಿದರು. “ಕೀ ಆನ್ಸರ್ ಮಾಡಿದ್ದು ಯಾರು ಮೇಡಂ?” “ನಾನೇ ಸರ್.” “ಆ ಹುಡುಗಿ ಹೇಳಿದ್ದನ್ನ ಪಾಠಕ್ಕೆ ಸೇರಿಸ್ಕೊಳ್ಳಿ” ಎಂದು ಚಹಾ ಮುಗಿಸಿ ಹೊರಟರು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲವೇನೋ.

ಅವಳ ಅಪ್ಪ ಹೇಳಿದ್ದು ಅಕ್ಷರಶಃ ನಿಜ. ಮಣ್ಣಿನ ಕಣಗಳ ನಡುವೆ ಗಾಳಿ ಇರುತ್ತದೆ, ಬೇರು ಆಕ್ಸಿಜನ್ ಎಳೆದುಕೊಳ್ಳುವುದು ಅದರಿಂದ. ಆ ಸಂದಿಗಳಲ್ಲಿ ನೀರು ತುಂಬಿದರೆ ಆಕ್ಸಿಜನ್ ಬೇರಿನ ಹತ್ತಿರ ಬರುವುದೇ ಕಷ್ಟ, ಏಕೆಂದರೆ ಗಾಳಿಗಿಂತ ನೀರಿನಲ್ಲಿ ಅದು ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಉಸಿರಾಟ ಕುಂಟಿದರೆ ಬೇರಿಗೆ ಶಕ್ತಿ ಸಾಲುವುದಿಲ್ಲ. ಶಕ್ತಿ ಇಲ್ಲದೆ ಲವಣಗಳನ್ನು ಎಳೆಯಲು ಆಗುವುದಿಲ್ಲ. ಕೆಳಗಿನ ಎಲೆ ಮೊದಲು ಹಳದಿ ಆಗುತ್ತದೆ. ಕಾಲಡಿ ನೀರಿದ್ದರೂ ಗಿಡ ಬಾಡಿದ ಹಾಗೆ ಕಾಣುತ್ತದೆ. ಭದ್ರಾ ನಾಲೆ ಕೆಳಗಿನ ಭತ್ತ ಹಾಗಲ್ಲ. ಅದರ ಒಳಗೆ ಎಲೆಯಿಂದ ಬೇರಿನವರೆಗೆ ಗಾಳಿ ಇಳಿಯುವ ಟೊಳ್ಳು ದಾರಿಗಳಿವೆ. ನಮ್ಮ ಕಡೆ ಮಕ್ಕಳು ಎರಡೂ ಬೆಳೆ ನೋಡಿರುತ್ತಾರೆ. ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಯಾವ ಗೈಡಿನಲ್ಲೂ ಸಿಕ್ಕಿಲ್ಲ.

ಎರಡು ದಿನ ಬಿಟ್ಟು ಕ್ಲಾಸಿನಲ್ಲೇ ತೋರಿಸೋಣ ಎಂದು ಹೊರಟೆ. ಎಲೆ ಅಡಿಕೆಗೆ ಹಾಕುವ ಸುಣ್ಣ ಒಂದು ಚಮಚ ನೀರಿಗೆ ಹಾಕಿ ಕಲಕಿ ಇಟ್ಟೆ. ಬೆಳಗ್ಗೆ ಮೇಲಿನ ತಿಳಿಯನ್ನು ಬಗ್ಗಿಸಿಕೊಂಡೆ. ಬಾಯಿ ಅಗಲದ ಮೂರು ಬಾಟಲಿ. ಒಂದರಲ್ಲಿ ಮೊಳಕೆ ಹೆಸರುಕಾಳು, ಇನ್ನೊಂದರಲ್ಲಿ ಅಷ್ಟೇ ಮೊಳಕೆಕಾಳನ್ನು ಬೇಯಿಸಿ ಆರಿಸಿದ್ದು, ಮೂರನೆಯದು ಖಾಲಿ. ಪ್ರತಿ ಬಾಟಲಿ ಒಳಗೆ ಸಣ್ಣ ಮುಚ್ಚಳದಲ್ಲಿ ಸುಣ್ಣದ ತಿಳಿನೀರು. ಉಸಿರಾಟದಿಂದ ಬರುವ ಕಾರ್ಬನ್ ಡೈಆಕ್ಸೈಡ್ ತಾಗಿದರೆ ಅದು ಬೆಳ್ಳಗಾಗುತ್ತದೆ. ಬಿಗಿಯಾಗಿ ಮುಚ್ಚಿ ಕಿಟಕಿಯ ಬೆಳಕಿನಲ್ಲಿ ಇಟ್ಟೆವು.

ಮೊದಲ ದಿನ ಕೆಟ್ಟಿತು. ಮಧ್ಯಾಹ್ನದ ಹೊತ್ತಿಗೆ ಮೂರರಲ್ಲೂ ನೀರು ಬೆಳ್ಳಗೆ. ಖಾಲಿ ಬಾಟಲಿಯಲ್ಲೂ ಬೆಳ್ಳಗಾಗಿದೆ ಅಂದರೆ ತಪ್ಪು ನೀರಿನಲ್ಲೇ ಇದೆ. ತಿಳಿ ಬಗ್ಗಿಸುವಾಗ ಅಡಿಯ ಸುಣ್ಣವೂ ಬಂದಿತ್ತು, ಜೊತೆಗೆ ಪಾತ್ರೆಯನ್ನು ಮುಚ್ಚದೆ ಗಾಳಿಗೆ ಬಿಟ್ಟಿದ್ದೆ. ಖಾಲಿ ಬಾಟಲಿ ಇಡದೇ ಇದ್ದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಮಾರನೇ ದಿನ ಬಟ್ಟೆಯಲ್ಲಿ ಸೋಸಿ, ಪಾತ್ರೆ ಮುಚ್ಚಿಟ್ಟು ಮಾಡಿದೆವು. ಹತ್ತು ಗಂಟೆಗೆ ಇಟ್ಟದ್ದು ಎರಡು ಗಂಟೆಗೆ ಮೊಳಕೆಕಾಳಿನ ಬಾಟಲಿಯಲ್ಲಿ ಮಾತ್ರ ಹಾಲಿನ ಹಾಗೆ ಆಗಿತ್ತು. ಹಾಡುಹಗಲಲ್ಲಿ. ಬೇಯಿಸಿದ ಕಾಳನ್ನು ರಾತ್ರಿಯೆಲ್ಲ ಬಿಟ್ಟರೆ ಅದು ಹಳಸಿ, ಸೂಕ್ಷ್ಮಜೀವಿಗಳು ಬೆಳೆದು, ಅಲ್ಲೂ ನೀರು ಬೆಳ್ಳಗಾಗುತ್ತದೆ. ಹಾಗಾಗಿ ಅದೇ ದಿನ ನೋಡಿಬಿಡಬೇಕು.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಒಬ್ಬ ಹುಡುಗ ಕೇಳಿದ, “ಮೊಳಕೆಗೆ ಪತ್ರಹರಿತ್ತು ಇಲ್ವಲ್ಲ ಮೇಡಂ, ಹಸಿರು ಎಲೆ ಇಡ್ರಿ.” ಇಟ್ಟೆವು. ಬೆಳಕಿನಲ್ಲಿಟ್ಟ ಎಲೆ ಬಾಟಲಿಯ ನೀರು ತಿಳಿಯಾಗೇ ಉಳಿಯಿತು. ಕಪ್ಪು ಕಾಗದ ಸುತ್ತಿದ ಬಾಟಲಿಯಲ್ಲಿ ಬೆಳ್ಳಗಾಯಿತು. “ಅಂದ್ರೆ ಎಲೆ ಕತ್ತಲಲ್ಲಿ ಮಾತ್ರ ಉಸಿರಾಡ್ತೈತೆ” ಎಂದ. ನನ್ನ ಎಂಟನೇ ಸಾಲನ್ನೇ ನನ್ನ ಪ್ರಯೋಗ ಸಾಬೀತು ಮಾಡಿದ ಹಾಗಿತ್ತು!

ಈ ಸಲ “ಆಮೇಲೆ ನೋಡೋಣ” ಅನ್ನಲಿಲ್ಲ. ನಮ್ಮೂರಿನ ಮಂಡಕ್ಕಿ ಭಟ್ಟಿ ನೆನಪಾಯಿತು. ಭಟ್ಟಿಯಲ್ಲಿ ಮಂಡಕ್ಕಿ ಹುರಿಯುವವರು ಕೆಲಸದ ನಡುವೆ ಒಂದೊಂದು ಹಿಡಿ ತಿನ್ನುತ್ತಾರೆ. ಬೀದಿಯಲ್ಲಿ ನಿಂತವರಿಗೆ ಕಾಣುವುದು ಹೊರಗೆ ಬರುವ ಚೀಲ ಮಾತ್ರ. ಒಳಗೆ ಯಾರೂ ತಿನ್ನುತ್ತಿಲ್ಲ ಎಂದು ಚೀಲ ನೋಡಿ ಹೇಳಲು ಆಗುತ್ತಾ? ಬಿಸಿಲಿನಲ್ಲಿ ಎಲೆಯೂ ಹಾಗೇ. ತಯಾರಾಗುವ ಆಕ್ಸಿಜನ್‌ನಲ್ಲಿ ಸ್ವಲ್ಪವನ್ನು ಅದರ ಮೈಟೋಕಾಂಡ್ರಿಯಾಗಳೇ ಬಳಸಿಕೊಳ್ಳುತ್ತವೆ. ಅವು ಬಿಡುವ ಕಾರ್ಬನ್ ಡೈಆಕ್ಸೈಡ್ ಹೊರಗೆ ಬರುವ ಮೊದಲೇ ಪಕ್ಕದ ಕ್ಲೋರೋಪ್ಲಾಸ್ಟಿಗೆ ಹೋಗುತ್ತದೆ. ಸುಣ್ಣದ ನೀರು ಹೇಳುವುದು ಹೊರಗೆ ಬಂದದ್ದರ ಲೆಕ್ಕ, ಒಳಗಿನ ಲೆಕ್ಕ ಅಲ್ಲ. ಬೆಳಕಿನಲ್ಲಿರುವ ಎಲೆಯ ಉಸಿರಾಟವನ್ನು ಈ ಪ್ರಯೋಗದಿಂದ ತೋರಿಸಲು ಆಗುವುದಿಲ್ಲ ಎಂದು ಮಕ್ಕಳಿಗೆ ಹಾಗೇ ಹೇಳಿದೆ. ಸಂಜೆ ಬೆಳಕು ಇಳಿದಂತೆ ಎರಡೂ ಸಮ ಆಗುವ ಒಂದು ಹೊತ್ತು ಬರುತ್ತದೆ, ಆಗ ಲೆಕ್ಕಕ್ಕೆ ಎಲೆಯಿಂದ ಏನೂ ಹೊರಗೆ ಬರುವುದಿಲ್ಲ, ಒಳಗೂ ಹೋಗುವುದಿಲ್ಲ, ಆದರೆ ಎರಡು ಕೆಲಸವೂ ನಡೆಯುತ್ತಿರುತ್ತವೆ ಎಂದಾಗ ಆ ಹುಡುಗ ತಲೆ ಆಡಿಸಿದ.

ಟೇಬಲ್ಲನ್ನು ಮತ್ತೆ ಬರೆದೆ. ಹನ್ನೆರಡು ಸಾಲು ಬೇಡ ಅನ್ನಿಸಿತು. ನಾಲ್ಕೇ ಇಟ್ಟೆ, ಕಾಲಂ ಅಗಲ ಮಾಡಿದೆ.

| | ದ್ಯುತಿಸಂಶ್ಲೇಷಣೆ | ಉಸಿರಾಟ |
|---|---|---|
| ಗಿಡದ ಯಾವ ಭಾಗದಲ್ಲಿ | ಪತ್ರಹರಿತ್ತು ಇರುವ ಜೀವಕೋಶಗಳಲ್ಲಿ | ಜೀವ ಇರುವ ಎಲ್ಲ ಜೀವಕೋಶಗಳಲ್ಲಿ, ಬೇರಿನಲ್ಲೂ |
| ಯಾವಾಗ | ಬೆಳಕು ಇದ್ದಾಗ | ಯಾವಾಗಲೂ |
| ಗ್ಲುಕೋಸ್ | ತಯಾರಾಗುತ್ತದೆ | ಒಡೆಯುತ್ತದೆ |
| ಶಕ್ತಿ | ಬೆಳಕಿನ ಶಕ್ತಿ ಗ್ಲುಕೋಸ್‌ನಲ್ಲಿ ಸೇರುತ್ತದೆ | ಗ್ಲುಕೋಸ್‌ನ ಶಕ್ತಿ ಎಟಿಪಿಗೆ ಹೋಗುತ್ತದೆ, ಉಳಿದದ್ದು ಶಾಖ |

ಮೊದಲೆರಡು ಸಾಲು ನೋಡಿ. ಅಲ್ಲಿ ಎರಡು ಕಾಲಂ ಒಂದಕ್ಕೊಂದು ವಿರುದ್ಧ ಅಲ್ಲ. ಒಂದು ಚಿಕ್ಕದು, ಇನ್ನೊಂದು ಅದನ್ನೂ ಒಳಗೊಂಡ ದೊಡ್ಡದು. ಕೊನೆಯ ಎರಡು ಸಾಲು ಮಾತ್ರ ನಿಜಕ್ಕೂ ವಿರುದ್ಧ. ಇದೇ ಕಾರಣಕ್ಕೆ ಹಳೆ ಶೀಟಿನಲ್ಲಿದ್ದ ‘ಸಸ್ಯಗಳಲ್ಲಿ / ಪ್ರಾಣಿಗಳಲ್ಲಿ’ ಎಂಬ ಸಾಲನ್ನೂ ಕಿತ್ತುಹಾಕಿದೆ. ಪದ ಸಮೀಕರಣ ಎರಡೂ ಕನ್ನಡಿಯಲ್ಲಿ ನೋಡಿದ ಹಾಗೆ ಕಾಣುವುದರಿಂದ, ಒಂದು ನಿಂತ ಮೇಲೆ ಇನ್ನೊಂದು ಶುರು ಎಂದು ಮಕ್ಕಳು ಪಾಳಿ ಹಾಕಿಬಿಡುತ್ತಾರೆ. ಅದಕ್ಕೆ ಎರಡರ ಕೆಳಗೂ ‘ನಡೆಯುವ ಜಾಗ’ ಎಂದು ಒಂದು ಗೆರೆ ಸೇರಿಸಿದೆ. ಕ್ಲೋರೋಪ್ಲಾಸ್ಟ್ ಒಂದು ಕಡೆ. ಇನ್ನೊಂದು ಕಡೆ ಜೀವಕೋಶದ ದ್ರವದಲ್ಲಿ ಶುರುವಾಗಿ ಮೈಟೋಕಾಂಡ್ರಿಯಾದಲ್ಲಿ ಮುಗಿಯುವುದು. ಜಾಗವೇ ಬೇರೆ ಇದ್ದ ಮೇಲೆ ಎರಡೂ ಒಟ್ಟಿಗೆ ನಡೆಯಬಹುದು ಎಂದು ತಾವೇ ಹೇಳುತ್ತಾರೆ.

ಟೇಬಲ್ ಕೆಳಗೆ ಒಂದೇ ಪ್ರಶ್ನೆ. ಮೆಕ್ಕೆಜೋಳದ ಗಿಡದ ಚಿತ್ರ, ಎಲೆಗೆ ಎರಡು ಖಾನೆ, ಬೇರಿಗೆ ಎರಡು ಖಾನೆ. ಮಧ್ಯಾಹ್ನ 12 ಗಂಟೆ, ರಾತ್ರಿ 12 ಗಂಟೆ. ಯಾವ ಕ್ರಿಯೆ ನಡೆಯುತ್ತಿದೆ ಬರೆಯಿರಿ. ಸರಿ ಉತ್ತರದಲ್ಲಿ ‘ಉಸಿರಾಟ’ ನಾಲ್ಕೂ ಖಾನೆಯಲ್ಲಿ ಇರುತ್ತದೆ, ‘ದ್ಯುತಿಸಂಶ್ಲೇಷಣೆ’ ಮಧ್ಯಾಹ್ನದ ಎಲೆಯಲ್ಲಿ ಮಾತ್ರ. ಮಧ್ಯಾಹ್ನದ ಬೇರಿನ ಖಾನೆ ಖಾಲಿ ಬಿಟ್ಟಿದ್ದರೆ, ಆ ಮಗು ಟೇಬಲ್ ಬಾಯಿಪಾಠ ಮಾಡಿದೆ ಎಂದು ಗೊತ್ತಾಗುತ್ತದೆ.

ಮೂರನೇ ಬೆಂಚಿನ ಹುಡುಗಿಯ ಹಳೆ ಪೇಪರನ್ನು ಕ್ಲಾಸಿನಲ್ಲೇ ಕೇಳಿ ಇಸಿದುಕೊಂಡೆ. ಕೆಂಪು ಗೆರೆಯ ಪಕ್ಕದಲ್ಲಿ ‘ನಿನ್ನ ಉತ್ತರ ಸರಿ, ಕೀ ಆನ್ಸರ್ ತಪ್ಪು’ ಎಂದು ಬರೆದು, ಸಹಿ ಹಾಕಿ, ಮಾರ್ಕ್ಸ್ ಕೂಡಿಸಿ ಕೊಟ್ಟೆ. ಎಲ್ಲರ ಎದುರು ಓದಿಯೂ ಹೇಳಿದೆ. ಮೂರು ದಿನ ನೀರು ನಿಂತ ಅವರ ಹೊಲದಲ್ಲಿ ಅರ್ಧ ಬೆಳೆ ಚೇತರಿಸಿಕೊಂಡಿದೆ ಎಂದು ಅವಳೇ ಆಮೇಲೆ ಹೇಳಿದಳು.

ಹೊಸ ಶೀಟನ್ನು ಗ್ರೂಪಿಗೆ ಹಾಕಿದೆ, ಹಳೆಯದನ್ನು ದಯವಿಟ್ಟು ಬಳಸಬೇಡಿ ಎಂದೂ ಬರೆದೆ. ಆದರೆ ಫಾರ್ವರ್ಡ್ ಆದದ್ದನ್ನು ವಾಪಸ್ ತರುವುದು ಹೇಗೆ? ಮೊನ್ನೆ ಬೇರೆ ಕ್ಲಸ್ಟರಿನ ಗೆಳತಿಯೊಬ್ಬಳು “ಚೆನ್ನಾಗಿದೆ ಕಣೆ, ನಿಮ್ಮ ಮಕ್ಕಳಿಗೂ ಕೊಡು” ಎಂದು ಒಂದು ಪಿಡಿಎಫ್ ಕಳಿಸಿದಳು. ತೆಗೆದರೆ ನನ್ನದೇ ಟೇಬಲ್, ನನ್ನದೇ ಗೆರೆಗಳು, ಎಂಟನೇ ಸಾಲು ಹಾಗೇ ಇತ್ತು. ಊಟ ಬಿಟ್ಟು ಅವಳಿಗೆ ಫೋನ್ ಮಾಡಿದೆ.