ಹಿಂದಿನವನು ಪಿಟ್‌ಗೆ ಹೋದ ಮೇಲಿನ ಒಂದು ಲ್ಯಾಪ್

"ಅಣ್ಣಾ, ಹಿಂದೆ ಇರೋನು ಪಿಟ್‌ಗೆ ಹೋಗಿದ್ದು ಮುಂದೆ ಇರೋನ ಟೀಮಿಗೆ ಕಾಣಲ್ವಾ? ಅವನೂ ಮುಂದಿನ ಲ್ಯಾಪಿಗೇ ಹೋಗಿ ಟೈರ್ ಹಾಕಿಸ್ಕೊಂಡು ಬಂದ್ರೆ ಮುಗೀತಲ್ವಾ? ಮತ್ಯಾಕೆ ಲೀಡ್ ಕಳ್ಕೊಳ್ತಾರೆ?"

ಕಾಣುತ್ತೆ. ಆದರೆ ಕಾಣುವಷ್ಟರಲ್ಲಿ ಹೊತ್ತು ಮೀರಿರುತ್ತೆ.

ಶಿವಮೊಗ್ಗದಲ್ಲಿ ನನ್ನದು ಟೈರ್ ಅಂಗಡಿ. ಯುರೋಪಿನ ಫಾರ್ಮುಲಾ ಒನ್ ರೇಸುಗಳು ನಮಗೆ ಭಾನುವಾರ ಸಂಜೆ ಬರುತ್ತವೆ. ಹಾಗಾಗಿ ಸೋಮವಾರ ಬೆಳಿಗ್ಗೆ ಅಲೈನ್‌ಮೆಂಟಿಗೆ ಗಾಡಿ ಬಿಟ್ಟು ಕೂತ ಹುಡುಗರ ಬಾಯಲ್ಲಿ ಮೊದಲು ಬರೋದೇ ಈ ಮಾತು. ನಮ್ಮ ಕಡೆಯವರಿಗೆ ಇದು ವಿಚಿತ್ರ ಅನ್ನಿಸೋದಕ್ಕೆ ಕಾರಣವೂ ಇದೆ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವ ರ‍್ಯಾಲಿ ನೋಡಿ ಬೆಳೆದವರು ನಾವು. ಅಲ್ಲಿ ಗಡಿಯಾರದ ಎದುರು ಒಬ್ಬೊಬ್ಬರೇ ಓಡಿಸ್ತಾರೆ. ಸರ್ವೀಸಿನಲ್ಲಿ ಯಾವ ಟೈರ್ ಹಾಕಿಸಿಕೊಂಡರೋ ಮುಂದಿನ ಸರ್ವೀಸಿನ ತನಕ ಅದರಲ್ಲೇ ಹೆಣಗಬೇಕು. ಫಾರ್ಮುಲಾ ಒನ್ನಿನಲ್ಲಿ ಹಾಗಲ್ಲ, ಯಾವಾಗ ಬದಲಾಯಿಸ್ತೀರಿ ಅನ್ನೋದೇ ಆಟ.

ಮೊದಲು ಲೆಕ್ಕ ನೋಡಿ. ಪಿಟ್‌ನಲ್ಲಿ ಕಾರು ನಿಲ್ಲೋದು ಎರಡು–ಎರಡೂವರೆ ಸೆಕೆಂಡು ಅಷ್ಟೇ. ಆದರೆ ಪಿಟ್ ಲೇನಿನಲ್ಲಿ ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್ ಮೀರುವಂತಿಲ್ಲ. ಅಷ್ಟರಲ್ಲಿ ಟ್ರ್ಯಾಕಿನಲ್ಲಿ ಉಳಿದವರು ಅದರ ಎರಡು ಮೂರು ಪಟ್ಟು ವೇಗದಲ್ಲಿ ಹೋಗ್ತಿರ್ತಾರೆ. ಹಾಗಾಗಿ ಒಂದು ಸಲ ಒಳಗೆ ಹೋಗಿ ಬಂದರೆ ಸುಮಾರು ಇಪ್ಪತ್ತು ಸೆಕೆಂಡು ಹೋಯ್ತು. ಈ ನಷ್ಟ ಇಬ್ಬರಿಗೂ ಒಂದೇ, ಅದನ್ನು ಮರೆತುಬಿಡಿ. ವ್ಯತ್ಯಾಸ ಆಗೋದು ನಡುವಿನ ಆ ಒಂದು ಲ್ಯಾಪಿನಲ್ಲಿ.

ಹಿಂದಿನವನು ಒಂದೂವರೆ ಸೆಕೆಂಡು ಹಿಂದಿದ್ದಾನೆ ಅಂದುಕೊಳ್ಳಿ. ಅವನು ಪಿಟ್‌ಗೆ ಹೋಗಿ ಹೊಸ ಟೈರ್ ಹಾಕಿಸಿಕೊಂಡು ಹೊರಬಿದ್ದ. ಮುಂದಿನವನ ಟೀಮು ಅದನ್ನು ನೋಡಿತು, ಆದರೆ ಅಷ್ಟರಲ್ಲಿ ಮುಂದಿನವನು ಪಿಟ್ ಬಾಗಿಲು ದಾಟಿಯಾಗಿದೆ. ಇನ್ನು ಹಳೇ ಟೈರಿನಲ್ಲೇ ಇಡೀ ಸುತ್ತು ಬರಬೇಕು. ಆ ಸುತ್ತಿನಲ್ಲಿ ಹೊಸ ಟೈರಿನವನು ಎರಡು ಸೆಕೆಂಡು ಗಳಿಸಿದರೆ ಸಾಕು. ಮುಂದಿನವನು ಪಿಟ್‌ನಿಂದ ಹೊರಬರೋ ಹೊತ್ತಿಗೆ ಅವನು ಪಕ್ಕದಲ್ಲೇ ದಾಟಿ ಹೋಗಿರ್ತಾನೆ. ಇದನ್ನೇ ಅಂಡರ್‌ಕಟ್ ಅನ್ನೋದು. ಅಂತರ ನಾಲ್ಕು ಸೆಕೆಂಡು ಇದ್ದಿದ್ದರೆ ನೀವು ಹೇಳಿದ ಹಾಗೆ ಮಾರನೇ ಲ್ಯಾಪಿಗೆ ಹೋಗಿ ಬಂದರೆ ಸಾಕಿತ್ತು.

ಹೊಸ ಟೈರಿಗೆ ಅಷ್ಟು ಬಲ ಎಲ್ಲಿಂದ ಬರುತ್ತೆ? ರಬ್ಬರಿನ ಹಿಡಿತ ಬಿಸಿಯ ಮೇಲೆ ನಿಂತಿದೆ. ಆಲೆಮನೆಯಲ್ಲಿ ಜೋನಿ ಬೆಲ್ಲ ತೆಗೆಯೋರು ಹದ ನೋಡ್ತಾರಲ್ಲ, ಹಾಗೆ ಇದಕ್ಕೂ ಒಂದು ಹದ ಇದೆ. ತಣ್ಣಗಿದ್ದರೆ ಜಾರುತ್ತೆ, ಅತಿಯಾಗಿ ಕಾದರೂ ಜಾರುತ್ತೆ. ಸಾಫ್ಟ್ ಟೈರು ಬೇಗ ಹದಕ್ಕೆ ಬಂದು ಬೇಗ ಮುಗಿಯುತ್ತೆ. ಹಾರ್ಡ್ ತಡವಾಗಿ ಕಾಯುತ್ತೆ, ತುಂಬಾ ಲ್ಯಾಪ್ ಬಾಳುತ್ತೆ. ಮೀಡಿಯಂ ನಡುವಿನದ್ದು. ಮಳೆ ಇಲ್ಲದ ರೇಸಿನಲ್ಲಿ ಕನಿಷ್ಠ ಎರಡು ಬಗೆಯವು ಹಾಕಲೇಬೇಕು ಅನ್ನೋ ನಿಯಮ ಇರೋದರಿಂದ ಒಂದು ಸಲವಾದರೂ ಪಿಟ್‌ಗೆ ಹೋಗದೆ ವಿಧಿಯಿಲ್ಲ. ಮುಂದಿನ ಕಾರಿಗೆ ಅಂಟಿಕೊಂಡೇ ಓಡಿಸಿದರೂ ಕಷ್ಟ, ಅದು ಕಲಕಿಬಿಟ್ಟ ಗಾಳಿಯಲ್ಲಿ ಕಾರು ಜಾರಿ ಟೈರು ಇನ್ನಷ್ಟು ಕಾಯುತ್ತೆ.

ಈಗ 2019ರ ಹಂಗೇರಿ ರೇಸಿಗೆ ಬನ್ನಿ. 70 ಲ್ಯಾಪು. ಓವರ್‌ಟೇಕ್ ಮಾಡೋದು ಕಷ್ಟವಾದ ಟ್ರ್ಯಾಕು. ರೆಡ್‌ಬುಲ್ ಟೀಮಿನ ಮ್ಯಾಕ್ಸ್ ವರ್ಸ್ಟಾಪನ್ ತನ್ನ ಮೊದಲ ಪೋಲ್, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಹೊರಡೋ ಜಾಗ, ಪಡೆದು ಮುಂದಿದ್ದ, ಮರ್ಸಿಡಿಸ್ ಟೀಮಿನ ಲೂಯಿಸ್ ಹ್ಯಾಮಿಲ್ಟನ್ ಬೆನ್ನಿಗೆ. 25ನೇ ಲ್ಯಾಪಿನಲ್ಲಿ ವರ್ಸ್ಟಾಪನ್ ಹಾರ್ಡ್ ಟೈರಿಗೆ ಬದಲಾಯಿಸಿದ. ಹ್ಯಾಮಿಲ್ಟನ್ ಅಂಡರ್‌ಕಟ್ ಮಾಡದಂತೆ ತಡೆದದ್ದು ಅದು, ಸರಿಯಾದ ಹೆಜ್ಜೆಯೇ. ಮರ್ಸಿಡಿಸ್‌ನವರು ಅವನ ಹಿಂದೆಯೇ ಓಡಲಿಲ್ಲ. 31ರವರೆಗೆ ಕಾದು ಅದೇ ಹಾರ್ಡ್ ಹಾಕಿದರು. ಆರು ಲ್ಯಾಪಿನಷ್ಟು ಹೊಸ ಟೈರಿನಲ್ಲಿ ಹ್ಯಾಮಿಲ್ಟನ್ ಬಂದು ಹಿಡಿದ. 39ನೇ ಲ್ಯಾಪಿನಲ್ಲಿ ನಾಲ್ಕನೇ ತಿರುವಿನಲ್ಲಿ ಹೊರಗಿನಿಂದ ನುಗ್ಗಿದ, ಟ್ರ್ಯಾಕ್ ಬಿಟ್ಟು ಹೊರಗೆ ಹೋದ. ದಾಟಲಾಗಲಿಲ್ಲ.

48ನೇ ಲ್ಯಾಪಿನಲ್ಲಿ ಮರ್ಸಿಡಿಸ್ ಮತ್ತೆ ಪಿಟ್‌ಗೆ ಕರೆದು ಮೀಡಿಯಂ ಹಾಕಿತು. ನೋಡುತ್ತಿದ್ದವರಿಗೆ ಹುಚ್ಚು ಅನ್ನಿಸಿತು. ಗೆಲ್ಲೋ ದೂರದಲ್ಲಿ ಇದ್ದವನು ಸುಮಾರು ಇಪ್ಪತ್ತು ಸೆಕೆಂಡು ಹಿಂದೆ ಬಿದ್ದ. ಆದರೆ ಫೆರಾರಿಗಳು ಅದೆಷ್ಟು ಹಿಂದೆ ಉಳಿದಿದ್ದವು ಅಂದರೆ ಹ್ಯಾಮಿಲ್ಟನ್ ಪಿಟ್‌ಗೆ ಹೋಗಿ ಬಂದರೂ ಎರಡನೇ ಸ್ಥಾನ ಹೋಗೋ ಹಾಗಿರಲಿಲ್ಲ. ಕಳೆದುಕೊಳ್ಳೋದಕ್ಕೆ ಏನೂ ಇಲ್ಲದ ಪಿಟ್ ಸ್ಟಾಪ್ ಅದು. ಟೀವಿಯಲ್ಲಿ ಮೊದಲ ಇಬ್ಬರ ಅಂತರ ಮಾತ್ರ ನೋಡ್ತಾ ಕೂರೋರಿಗೆ ಇದು ತಪ್ಪಿಹೋಗುತ್ತೆ. ಮೂರನೆಯವನು ಎಷ್ಟು ದೂರ ಅನ್ನೋದನ್ನೂ ನೋಡಬೇಕು.

ರೆಡ್‌ಬುಲ್‌ನವರೂ ಮಾರನೇ ಲ್ಯಾಪಿಗೆ ಹೋಗಬಹುದಿತ್ತು. ಹೋಗಿದ್ದರೆ? ಇಬ್ಬರ ಅಂತರ ಕಡಿಮೆ ಇತ್ತು, ವರ್ಸ್ಟಾಪನ್ ಹೊರಬರೋದು ಹ್ಯಾಮಿಲ್ಟನ್ ಹಿಂದೆ, ಅದೂ ದಾಟೋದೇ ಕಷ್ಟವಾದ ಟ್ರ್ಯಾಕಿನಲ್ಲಿ. ಹೋಗದಿದ್ದರೆ 25ನೇ ಲ್ಯಾಪಿನ ಟೈರಿನಲ್ಲೇ ಕೊನೆಯವರೆಗೆ ಎಳೆಯಬೇಕು. ಅವರು ಎರಡನೆಯದನ್ನು ಆರಿಸಿದರು. ನನ್ನ ಪ್ರಕಾರ ಅಲ್ಲಿ ಅವರದ್ದು ತಪ್ಪಲ್ಲ, ಎರಡೂ ದಾರಿ ಕೆಟ್ಟದ್ದೇ. ಹ್ಯಾಮಿಲ್ಟನ್‌ಗಿಂತ ಮೊದಲೇ ಎರಡನೇ ಪಿಟ್ ಮಾಡಬಹುದಿತ್ತಲ್ಲ ಅಂತೀರಾ? ಆಗ ಹ್ಯಾಮಿಲ್ಟನ್ ಪಿಟ್‌ಗೆ ಹೋಗದೆ ಸುಮ್ಮನೆ ಲೀಡ್ ತಗೊಂಡು ಕೂರಬಹುದಿತ್ತು. ಮುಂದಿರೋನ ಕಷ್ಟ ಇದೇ. ಅವನು ಏನು ಮಾಡಿದರೂ ಹಿಂದಿನವನು ಅದಕ್ಕೆ ಉಲ್ಟಾ ಮಾಡಬಹುದು. ಅವತ್ತು ವರ್ಸ್ಟಾಪನ್ ಟೀಮಿನ ಜೊತೆಗಾರ ಗ್ಯಾಸ್ಲಿ ಹತ್ತಿರ ಇದ್ದಿದ್ದರೆ ಹ್ಯಾಮಿಲ್ಟನ್ ಪಿಟ್‌ನಿಂದ ಹೊರಬಂದು ಅವನ ಹಿಂದೆ ಸಿಕ್ಕಿಬೀಳ್ತಿದ್ದ. ಗ್ಯಾಸ್ಲಿ ಒಂದು ಲ್ಯಾಪ್ ಹಿಂದೆ ಬಿದ್ದಿದ್ದ.

ಇನ್ನು ಉಳಿದದ್ದು 22 ಲ್ಯಾಪು. ಲ್ಯಾಪಿಗೆ ಒಂದು ಸೆಕೆಂಡು ಹಿಂದಕ್ಕೆ ಪಡೆದರೆ ಮುಟ್ಟಬಹುದು ಅನ್ನೋ ಲೆಕ್ಕ. ಆದರೆ ಟೈರು ಹಾಗೆ ಸಮನಾಗಿ ಸವೆಯೋದಿಲ್ಲ. ಮೊದಮೊದಲು ವರ್ಸ್ಟಾಪನ್ ಚೆನ್ನಾಗೇ ತಡೆದ, ಹ್ಯಾಮಿಲ್ಟನ್‌ಗೇ ಇದು ಆಗುತ್ತಾ ಅನ್ನೋ ಅನುಮಾನ ಇತ್ತು. ಕೊನೆಯ ಲ್ಯಾಪುಗಳಲ್ಲಿ ಹಿಡಿತ ಒಮ್ಮೆಗೇ ಬಿತ್ತು. ಟೈರ್ ಸತ್ತಿದೆ ಅಂತ ವರ್ಸ್ಟಾಪನ್ ರೇಡಿಯೋದಲ್ಲಿ ಹೇಳಿದ. ಅದನ್ನು ಕೇಳದೆಯೂ ಗುರುತಿಸಬಹುದು. ತಿರುವಿನಿಂದ ಹೊರಬರುವಾಗ ಹಿಂಭಾಗ ಜಾರುತ್ತೆ, ಡ್ರೈವರ್ ಸ್ಟೀರಿಂಗನ್ನು ಉಲ್ಟಾ ತಿರುಗಿಸಿ ಸರಿಮಾಡ್ತಾನೆ, ಆಕ್ಸಿಲರೇಟರ್ ಒತ್ತೋದಕ್ಕೆ ಕಾಯ್ತಾನೆ. ಕಾರಿನ ಮೇಲಿನ ಕ್ಯಾಮೆರಾದಲ್ಲಿ ಕೈಗಳನ್ನೇ ನೋಡಿ. 67ನೇ ಲ್ಯಾಪಿನ ಆರಂಭದಲ್ಲಿ, ಮೊದಲ ತಿರುವಿಗೆ ಹೋಗುವಾಗ ಹ್ಯಾಮಿಲ್ಟನ್ ದಾಟಿದ. ಹಾರ್ಡ್ ಟೈರು ಆಗ 40ಕ್ಕೂ ಹೆಚ್ಚು ಲ್ಯಾಪ್ ಓಡಿತ್ತು.

ಲೀಡ್ ಕಳ್ಕೊಂಡ ಮೇಲೆ ವರ್ಸ್ಟಾಪನ್ ಪಿಟ್‌ಗೆ ಹೋಗಿ ಸಾಫ್ಟ್ ಹಾಕಿಸಿಕೊಂಡು ಅತಿ ವೇಗದ ಲ್ಯಾಪ್ ಓಡಿಸಿದ. ಹಿಂದೆ ಯಾರೂ ಇರಲಿಲ್ಲವಲ್ಲ, ಎರಡನೇ ಸ್ಥಾನ ಎಲ್ಲೂ ಹೋಗ್ತಿರಲಿಲ್ಲ. 2019ರಿಂದ 2024ರವರೆಗೆ ಅದಕ್ಕೊಂದು ಅಂಕ ಕೊಡ್ತಿದ್ದರು.

ಅಂಡರ್‌ಕಟ್ ಎಲ್ಲ ಕಡೆ ನಡೆಯೋದಿಲ್ಲ. ಚಳಿಯ ದಿನ ಹಾರ್ಡ್ ಹಾಕಿ ಹೊರಬಂದವನು ಮೊದಲ ಲ್ಯಾಪು ಹದಕ್ಕೆ ತರೋದರಲ್ಲೇ ಕಳೀತಾನೆ. ಮೊನಾಕೋದಂತಹ ಕಡೆ ಟೈರು ಅಷ್ಟು ಸವೆಯೋದೇ ಇಲ್ಲ. ಅಂಥ ಕಡೆ ಟ್ರ್ಯಾಕಿನಲ್ಲೇ ಉಳಿದು ಎರಡು ಲ್ಯಾಪ್ ಹೆಚ್ಚು ಓಡಿಸಿದವನು ಮುಂದೆ ಬರಬಹುದು. ಅಪಘಾತ ಆಗಿ ಸೇಫ್ಟಿ ಕಾರು ಬಂದರಂತೂ ಎಲ್ಲರೂ ನಿಧಾನ ಆಗೋದರಿಂದ ಪಿಟ್‌ನ ನಷ್ಟ ತುಂಬಾ ಇಳಿಯುತ್ತೆ. ಒಂದು ಲ್ಯಾಪ್ ಮೊದಲೇ ಪಿಟ್ ಮಾಡಿ ಮುಗಿಸಿದವನು ಆಗ ತಲೆ ಮೇಲೆ ಕೈ ಹೊತ್ತು ಕೂರಬೇಕಾಗುತ್ತೆ.